ಬೂದು ಅಭ್ರಕ

ಜಲಜಳ ಹತ್ತಿರ ಎರಡನೆಯ ಕ್ವಾರ್ಟರ್ ವೇವ್ ಪ್ಲೇಟು ಇರಲಿಲ್ಲ.

ಮೊದಲನೆಯದು ಇತ್ತು. ಅವಳು ಓದುವ ಕುಂದಾಪುರದ ಕಾಲೇಜಿನಲ್ಲಿ ಎಂ.ಎಸ್ಸಿ. ತರಗತಿ ತೆರೆದ ವರ್ಷ ತರಿಸಿದ್ದ ಹಿತ್ತಾಳೆ ಬಳೆಯ ಪ್ಲೇಟು ಅದು, ಬೆಳಕಿನ ಪ್ರಯೋಗದ ಬೆಂಚಿನ ಹಳಿಗೆ ಸ್ಕ್ರೂ ಹಾಕಿ ಬಿಗಿದದ್ದು. ಇನ್ನೊಂದು ಬೇಕೆಂದು ಕೇಳಿದರೆ ಪ್ರಿನ್ಸಿಪಾಲರು ಮುಂದಿನ ವರ್ಷ ನೋಡುವ ಅನ್ನುತ್ತಿದ್ದರು. ಮುಂದಿನ ವರ್ಷ ಜಲಜ ಆ ಕಾಲೇಜಿನಲ್ಲಿ ಇರುವುದಿಲ್ಲ. ಅವಳ ಪ್ರಾಜೆಕ್ಟು ಈ ವರ್ಷದ್ದು. ಆ ಪ್ರಾಜೆಕ್ಟಿಗೆ ಪ್ಲೇಟು ಎರಡು ಬೇಕು.

ಪ್ರಾಜೆಕ್ಟಿನ ಹಿಂದೆ ಒಂದು ಜಾಗದ ಆಸೆ ಕೂತಿತ್ತು. ಅವಳ ಮೇಷ್ಟ್ರು ರತೀಶ್ ಸರ್, ಬ್ರಹ್ಮಾವರದವರು, ತಾವು ಓದಿದ ಮೈಸೂರಿನ ಕಡೆಯ ಪ್ರೊಫೆಸರ್ ಭೋಜರಾಜರಿಗೆ ಫೋನು ಮಾಡಿದ್ದರು. ಭೋಜರಾಜರ ಬೆಳಕಿನ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕರ ಜಾಗ ಒಂದೇ ಒಂದು ಖಾಲಿ ಬೀಳುವುದಿತ್ತು. "ನಿಮ್ಮ ಹುಡುಗಿಯ ಬೆಂಚು ನೋಡ್ತೇನೆ. ಬೆಂಚೇ ಹೇಳುತ್ತೆ," ಅಂದಿದ್ದರಂತೆ ಅವರು. ಆ ಜಾಗ ಸಿಕ್ಕರೆ ಜಲಜ ಬೆಳಕಿನ ಜೊತೆಗೇ ಇರಬಹುದು. ಸಿಗದಿದ್ದರೆ ಬೈಂದೂರಿನ ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಸೂತ್ರ ಬಾಯಿಪಾಠ ಮಾಡಿಸುವ ಕೆಲಸ, ಅದನ್ನು ಮನೆಯವರು ಆಗಲೇ ಮಾತಾಡಿ ಇಟ್ಟಿದ್ದರು.

ಪ್ರಾಜೆಕ್ಟು ಹೇಳುವುದಕ್ಕೆ ಸುಲಭ. ಬೆಳಕೆಂದರೆ ಮುಂದಕ್ಕೆ ಹೋಗುತ್ತಲೇ ಅಡ್ಡಡ್ಡ ತೂಗುವ ಅಲೆ. ಎಡಬಲಕ್ಕೆ ತೂಗಬಹುದು, ಮೇಲೆಕೆಳಗೆ ತೂಗಬಹುದು, ಓರೆಯಾಗಿ ತೂಗಬಹುದು, ಗುಂಡಗೆ ಸುತ್ತುತ್ತಲೂ ಹೋಗಬಹುದು. ಪೋಲರೈಸರ್ ಅನ್ನುವ ಹಾಳೆ ಒಂದು ದಿಕ್ಕಿನ ತೂಗನ್ನು ಮಾತ್ರ ಆಚೆ ಬಿಟ್ಟು ಉಳಿದದ್ದನ್ನು ನುಂಗುತ್ತದೆ. ವೇವ್ ಪ್ಲೇಟು ಏನನ್ನೂ ನುಂಗುವುದಿಲ್ಲ. ಒಂದು ದಿಕ್ಕಿನ ತೂಗನ್ನು ಬೇಗ ಕಳಿಸಿ, ಅದಕ್ಕೆ ಅಡ್ಡವಾದ ತೂಗನ್ನು ಸ್ವಲ್ಪ ತಡೆದು ಕಳಿಸುತ್ತದೆ, ಅಷ್ಟೇ. ಕ್ವಾರ್ಟರ್ ಪ್ಲೇಟು ತಡೆಯುವುದು ಕಾಲು ಅಲೆಯಷ್ಟು. ಇವುಗಳನ್ನು ಸಾಲಾಗಿ ನಿಲ್ಲಿಸಿ ಒಂದು ಕಡೆಯಿಂದ ಲೇಸರ್ ಬಿಟ್ಟರೆ ಇನ್ನೊಂದು ಕಡೆ ಎಷ್ಟು ಬೆಳಕು ಬರುತ್ತದೆ ಎಂದು ಮೊದಲು ಕಾಗದದ ಮೇಲೆ ಹೇಳಬೇಕು, ಆಮೇಲೆ ಅಳೆಯಬೇಕು.

ಕಾಗದದ ಮೇಲೆ ಹೇಳುವ ಕ್ರಮವೇ ಜಲಜಳಿಗೆ ಹುಚ್ಚು ಹಿಡಿಸಿದ್ದು. ಬೆಳಕಿಗೆ ಎರಡು ಅಂಕಿ, ಒಂದರ ಕೆಳಗೊಂದು. ಮೇಲಿನದು ಎಡಬಲ ತೂಗು, ಕೆಳಗಿನದು ಮೇಲೆಕೆಳಗೆ ತೂಗು. ಜೋನ್ಸ್ ವೆಕ್ಟರ್ ಎಂದು ಅದರ ಹೆಸರು. ದಾರಿಯಲ್ಲಿ ಸಿಗುವ ಒಂದೊಂದು ಹಾಳೆಗೂ ನಾಲ್ಕು ಅಂಕಿಯ ಚೌಕ, ಮ್ಯಾಟ್ರಿಕ್ಸು. ಬೆಳಕು ಮೊದಲು ತಾಗುವ ಹಾಳೆಯ ಚೌಕವನ್ನು ವೆಕ್ಟರಿಗೆ ತಾಗಿಸಿ ಬರೆಯಬೇಕು, ಆಮೇಲಿನದನ್ನು ಅದರ ಎಡಕ್ಕೆ, ಅದರ ಆಮೇಲಿನದನ್ನು ಇನ್ನೂ ಎಡಕ್ಕೆ. ಬೆಂಚಿನ ಮೇಲೆ ಬೆಳಕು ಎಡದಿಂದ ಬಲಕ್ಕೆ ಹೋದರೆ ಕಾಗದದ ಮೇಲೆ ಬಲದಿಂದ ಎಡಕ್ಕೆ ನಡೆಯುತ್ತದೆ. ಸಾಲು ತಪ್ಪಿದರೆ ಉತ್ತರ ತಪ್ಪುತ್ತದೆ.

ಮೊದಲ ಸಲ ಮೂರು ಪೋಲರೈಸರ್ ಇಟ್ಟು ನೋಡಿದ ಮಧ್ಯಾಹ್ನ ಅವಳಿಗೆ ಊಟ ಮರೆತುಹೋಗಿತ್ತು. ಎಡಬಲದ ಒಂದು, ಮೇಲೆಕೆಳಗಿನ ಒಂದು ಇಟ್ಟರೆ ಆಚೆ ಕತ್ತಲೆ. ಅವೆರಡರ ನಡುವೆ ಓರೆಯಾಗಿ ಮೂರನೆಯದನ್ನು ತೂರಿಸಿದರೆ ಬೆಳಕು ಬರುತ್ತದೆ, ಮೊದಲನೆಯದನ್ನು ದಾಟಿದ್ದರಲ್ಲಿ ಕಾಲು ಭಾಗ. ನುಂಗುವ ಹಾಳೆಯನ್ನೇ ಇನ್ನೊಂದು ಸೇರಿಸಿದರೆ ಬೆಳಕು ಹುಟ್ಟುತ್ತದೆ. ಚೌಕಗಳನ್ನು ಗುಣಿಸಿದರೂ ಅದೇ ಬರುತ್ತದೆ. ಆ ಓರೆ ಹಾಳೆಯನ್ನು ಎಲ್ಲದರ ಕೊನೆಗೆ ಇಟ್ಟರೆ ಮತ್ತೆ ಕತ್ತಲೆ. ಜಲಜ ಹಾಳೆಯನ್ನು ಇಟ್ಟಳು, ತೆಗೆದಳು, ಇಟ್ಟಳು. ಗೋಡೆಯ ಮೇಲೆ ಕೆಂಪು ಬೊಟ್ಟು ಕಣ್ಣು ಬಿಡುತ್ತ ಮುಚ್ಚುತ್ತ ಇತ್ತು.

"ಹೆಣೆ, ನಿಂಗೆ ಊಟ ಬ್ಯಾಡ್ದಾ? ಗ್ವಾಡಿ ಕಾಂತಾ ಕೂತ್ರೆ ಹೊಟ್ಟಿ ತುಂಬುತ್ತಾ?" ಎಂದು ಸೌಮ್ಯಶ್ರೀ ಬಾಗಿಲಲ್ಲಿ ನಿಂತು ಕೂಗಿದಳು. ಸಾಲಿಗ್ರಾಮದ ಹುಡುಗಿ, ಜಲಜಳ ತರಗತಿಯವಳು, ಬೇರೆ ಪ್ರಾಜೆಕ್ಟಿನವಳು.

"ಕಾಣ್ ಮಾರಾಯ್ತಿ, ಎಂತ ಚಂದ."

"ಚಂದ ಇತ್ತ್. ಮೀನ್ ಸಾರ್ ಇನ್ನೂ ಚಂದ ಇತ್ತ್. ಬತ್ಯಾ ಇಲ್ಯಾ?"

ಎರಡನೆಯ ಪ್ಲೇಟಿಗೆ ದಾರಿ ಹೇಳಿದವರು ರತೀಶ್ ಸರ್. ಹಿಂದಿನವರು ಅಭ್ರಕವನ್ನು ಸೀಳಿ ಪ್ಲೇಟು ಮಾಡುತ್ತಿದ್ದರಂತೆ. ಅಭ್ರಕ ಅಂದರೆ ಕಾಗೆಬಂಗಾರ. ಹಳೆಯ ಇಸ್ತ್ರಿಪೆಟ್ಟಿಗೆಯ ಒಳಗೆ ತಂತಿಯ ಮೇಲೆ ಕೆಳಗೆ ಇಡುವ ಗಾಜಿನಂಥ ಹಾಳೆ. ಜಲಜ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಕುಷ್ಟನಲ್ಲಿಗೆ ಹೋದಳು.

"ಎಷ್ಟ್ ದೊಡ್ಡ್ ಪೆಟ್ಗಿ ನಿಮ್ದ್?" ಎಂದ ಕುಷ್ಟ.

"ಪೆಟ್ಗಿ ಇಲ್ಲೆ. ಹಾಳೆ ಮಾತ್ರ ಸಾಕ್."

"ಪೆಟ್ಗಿ ಇಲ್ದೆ ಹಾಳೆ ತಕಂಡ್ ಎಂತ ಮಾಡ್ತ್ರಿ?"

"ಬೆಳಕ್ ಹಾಯ್ಸುಕೆ."

ಕುಷ್ಟ ಅವಳ ಮುಖವನ್ನೊಮ್ಮೆ ನೋಡಿದ. "ಓದಿದ್ ಹೆಚ್ಚಾಯ್ತ್," ಎಂದು ಗೊಣಗಿ, ಡಬ್ಬಿಯಲ್ಲಿದ್ದ ಸ್ವಚ್ಛವಾದ ತುಂಡುಗಳನ್ನೆಲ್ಲ ಕಾಗದಕ್ಕೆ ಸುರಿದುಕೊಟ್ಟ.

ಆ ಮಳೆಗಾಲವೆಲ್ಲ ಜಲಜ ಅಭ್ರಕ ಸೀಳುತ್ತ ಕೂತಳು. ಹೊರಗೆ ಮಳೆ, ಒಳಗೆ ಕಿಟಕಿ ಮುಚ್ಚಿದ ಕೋಣೆ, ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರೈಸರ್ ಹಾಳೆ, ಹಿಂದೆ ಬಿಳಿ ದೀಪ. ಸೂಜಿಯ ತುದಿಯನ್ನು ಹಾಳೆಯ ಅಂಚಿಗೆ ತೂರಿಸಿ ಒಂದು ಹನಿ ನೀರು ಬಿಟ್ಟರೆ ಹಾಳೆ ಉಸಿರು ಬಿಟ್ಟಂತೆ ಎರಡಾಗುತ್ತಿತ್ತು. ದಪ್ಪ ತುಂಡುಗಳು ಆ ಕತ್ತಲೆಯಲ್ಲಿ ನಸುಗೆಂಪು, ನಸುಹಸಿರು ಹೊಳೆಯುತ್ತಿದ್ದವು. ಸೀಳಿದಂತೆ ಬಣ್ಣ ಗಾಢವಾಗುತ್ತಿತ್ತು. ಹೆಬ್ಬೆರಳಿನಷ್ಟು ಅಗಲದಲ್ಲಿ ಒಂದು ಸಂಜೆಯೇ ಇರುತ್ತಿತ್ತು, ನೀಲಿ, ಅದರ ಪಕ್ಕ ಕೆಂಪು, ಅದರ ಪಕ್ಕ ಹಳದಿ. ಇನ್ನೂ ಸೀಳಿದರೆ ಹಳದಿ ತೊಳೆದುಹೋಗಿ ಬಿಳಿ. ಮತ್ತೂ ಸೀಳಿದರೆ ಬೂದು. ಅವಳಿಗೆ ಬೇಕಾಗಿದ್ದದ್ದು ಆ ಬೂದು. ಕೂದಲಿಗಿಂತ ತೆಳ್ಳಗಿನ, ಬಣ್ಣವೇ ಇಲ್ಲದ, ಊದಿದರೆ ಹಾರಿಹೋಗುವ ಹಾಳೆ. ಅದು ಕೆಂಪು ಬೆಳಕನ್ನು ಕಾಲು ಅಲೆ ತಡೆಯುತ್ತದೆ. ಬಣ್ಣವಿದ್ದ ತುಂಡುಗಳನ್ನು ಸೀಳುವಾಗಲೆಲ್ಲ ಅವಳ ಕೈ ಸ್ವಲ್ಪ ತಡೆಯುತ್ತಿತ್ತು.

ಅವಳದ್ದು ಶಿರೂರಿನ ಕಡಲ ಬದಿಯ ಮನೆ. ಅಪ್ಪ ತಿಮ್ಮ ಮೀನಿಗೆ ಹೋಗುವವನು. ಯಾವ ಕಡೆ ಬಲೆ ಬಿಡಬೇಕೆಂದು ನೀರಿನ ಬಣ್ಣ ನೋಡಿಯೇ ಹೇಳುತ್ತಿದ್ದ. ಬಂಗುಡೆ ಕಟ್ಟಿದ ಕಡೆ ನೀರು ಒಂಥರ ಕಪ್ಪು, ಬೂತಾಯಿ ಇದ್ದ ಕಡೆ ಇನ್ನೊಂಥರ. ಕೆಲವು ಹುಡುಗರು ಯಂತ್ರ ತಂದು ಪರದೆಯಲ್ಲಿ ಮೀನು ಹುಡುಕಲು ಶುರುಮಾಡಿದಾಗ ತಿಮ್ಮ ನಗಾಡಿದ್ದ. "ಪರ್ದಿ ಎಂತ ಹೇಳುತ್ತ್? ನೀರ್ ಹೇಳುತ್ತಲ್ದಾ, ಅದನ್ ಕೇಣ್ಕ್." ಆ ಮನೆಯಲ್ಲಿ ಕಣ್ಣಿಗೆ ಕಂಡದ್ದರ ಎದುರು ವಾದ ಮಾಡುವ ಪದ್ಧತಿ ಇರಲಿಲ್ಲ. ಜಲಜ ಕಾಲೇಜಿಗೆ ಬಂದದ್ದು ಆ ಮನೆಯಿಂದ.

ಬೂದು ಹಾಳೆ ಯಾವ ತೂಗನ್ನು ಬೇಗ ಕಳಿಸುತ್ತದೆ, ಅದರ ಬೇಗದ ದಿಕ್ಕು ಯಾವುದೆಂದು ಗೊತ್ತುಮಾಡಲು ಹಿತ್ತಾಳೆಯ ಪ್ಲೇಟನ್ನೇ ಸಾಕ್ಷಿ ಇಟ್ಟುಕೊಂಡಳು. ಅದರ ಬೇಗದ ದಿಕ್ಕನ್ನು ಮಾಡಿದವರೇ ಗುರುತು ಮಾಡಿದ್ದರು. ಅದನ್ನು ನಲವತ್ತೈದು ಡಿಗ್ರಿಗೆ ಓರೆ ನಿಲ್ಲಿಸಿ, ಹಿಂದೆ ಅಭ್ರಕವನ್ನೂ ನಲವತ್ತೈದಕ್ಕೆ ನಿಲ್ಲಿಸುವುದು. ಎರಡರ ಬೇಗದ ದಿಕ್ಕೂ ಒಂದೇ ಕಡೆ ವಾಲಿದ್ದರೆ ಕಾಲೂ ಕಾಲೂ ಸೇರಿ ಅರ್ಧ ಅಲೆಯಾಗುತ್ತದೆ. ಎಡಬಲ ತೂಗುತ್ತ ಬಂದ ಬೆಳಕು ಮೊದಲ ಪ್ಲೇಟು ದಾಟಿ ಗುಂಡಗೆ ಸುತ್ತುತ್ತದೆ, ಎರಡನೆಯದನ್ನು ದಾಟಿ ಮೇಲೆಕೆಳಗೆ ತೂಗುತ್ತದೆ. ಕೊನೆಯಲ್ಲಿ ಎಡಬಲವನ್ನು ಮಾತ್ರ ಬಿಡುವ ಪೋಲರೈಸರ್ ಇಟ್ಟರೆ ಕತ್ತಲೆ. ಒಂದರ ಬೇಗದ ದಿಕ್ಕು ಇನ್ನೊಂದರದಕ್ಕೆ ಅಡ್ಡ ಬಿದ್ದರೆ ಒಂದು ತಡೆದದ್ದನ್ನು ಇನ್ನೊಂದು ಸರಿಮಾಡಿ, ಏನೂ ಆಗಲಿಲ್ಲವೆಂಬಂತೆ ಪೂರ್ತಿ ಬೆಳಕು. ಕತ್ತಲೆ ಸಿಕ್ಕಿದ ದಿನ ಜಲಜ ಸೂಜಿಯಿಂದ ಅಭ್ರಕದ ಮೇಲೆ ಬೇಗದ ದಿಕ್ಕಿನ ಗೆರೆ ಎಳೆದಳು. ಪ್ಲಾಸ್ಟಿಕ್ ಪೈಪಿನ ತುಂಡನ್ನು ಬಳೆಯಂತೆ ಕೊಯ್ದು ಅದಕ್ಕೆ ಹಾಳೆ ಅಂಟಿಸಿ, ಬಳೆ ಕೂರುವುದಕ್ಕೆ ಬೆಂಚಿನ ಹಳಿಯ ಮೇಲೆ ನಿಲ್ಲುವ ಮರದ ಗಾಡಿ ಮಾಡಿಸಿದಳು. ಬಳೆಯ ಕೆಳಗಿನ ಹಲ್ಲು ಗಾಡಿಯ ಸೀಳಿನಲ್ಲಿ ಕೂತರೆ ಗೆರೆ ತಾನಾಗಿ ನಲವತ್ತೈದಕ್ಕೆ ಬರುತ್ತಿತ್ತು.

ಅಭ್ರಕ ಪಾರದರ್ಶಕ. ಆಚೆಯಿಂದ ನೋಡಿದರೂ ಗೆರೆ ಕಾಣುತ್ತದೆ, ಈಚೆಯಿಂದ ನೋಡಿದರೂ ಕಾಣುತ್ತದೆ. ಒಂದು ಕಡೆಯಿಂದ ಬಲಕ್ಕೆ ವಾಲಿದ ಗೆರೆ ಇನ್ನೊಂದು ಕಡೆಯಿಂದ ಎಡಕ್ಕೆ ವಾಲಿರುತ್ತದೆ. ಯಾವ ಮುಖ ಲೇಸರಿನ ಕಡೆ ಎಂದು ಜಲಜ ಬಳೆಯ ಮೇಲೆ ಗುರುತು ಹಾಕಲಿಲ್ಲ. ಇಡುವವಳು ಅವಳೊಬ್ಬಳೇ, ಅವಳ ಕೈಗೆ ಅದು ಗೊತ್ತಿತ್ತು.

ನವರಾತ್ರಿ ಬಂತು. ಮಹಾನವಮಿಯ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಆಯುಧಪೂಜೆ. ರಜೆಯಾದರೂ ಊರಿನಲ್ಲಿದ್ದವರು ಬಂದಿದ್ದರು. ಅಟೆಂಡರ್ ಶೀನ ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ, ಒರೆಸಿ, ಉದ್ದದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದ. ಮೀಟರುಗಳು, ಲೆನ್ಸುಗಳು, ಪ್ರಿಸಮ್ಮು, ತೂಕದ ತಕ್ಕಡಿ, ಜಲಜಳ ಪೈಪಿನ ಬಳೆ. ಸೌಮ್ಯಶ್ರೀ ಒಂದೊಂದಕ್ಕೂ ಗಂಧ ಹಚ್ಚಿ ಕುಂಕುಮದ ಬೊಟ್ಟು ಇಟ್ಟಳು.

"ಹಾಳೆಗ್ ಇಡಬ್ಯಾಡ, ಬಳಿಗ್ ಇಡ್," ಎಂದಳು ಜಲಜ.

"ಗೊತ್ತಿತ್ತ್ ಮಾರಾಯ್ತಿ. ನಿನ್ನ್ ಕಾಗೆಬಂಗಾರಕ್ಕೆ ಎಂತದೂ ಆತಿಲ್ಲೆ. ನೀನ್ ಅದನ್ ಚಿನ್ನದ್ ಬಳಿ ಇಟ್ಟಂಗ್ ಇಟ್ಕಂಡಿದ್ದೆ."

ಮಂಗಳಾರತಿ ಆಯಿತು. ಶೀನ ಎಲ್ಲರಿಗೂ ಅವಲಕ್ಕಿ ಹಂಚಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ ಯಾರೂ ಮುಟ್ಟುಕಾಗ. ನಾಳೆ ದಶಮಿ ಪೂಜಿ ಆಯಿ, ನಾನೇ ತೆಗ್ದ್ ಇಡ್ತೆ. ಮೇಷ್ಟ್ರಾದ್ರೂ ಅಷ್ಟೆ, ಮಕ್ಕಳಾದ್ರೂ ಅಷ್ಟೆ."

ಮುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಭೋಜರಾಜರು ಬರುವುದು ದಶಮಿಯ ಮರುದಿನ ಎಂದಿತ್ತು. ಅವರು ಮೊಮ್ಮಗನ ಅಕ್ಷರಾಭ್ಯಾಸಕ್ಕೆ ಕೊಲ್ಲೂರಿಗೆ ಬಂದಿದ್ದರು. ದಶಮಿಯ ಮಧ್ಯಾಹ್ನ ಬಂದು ಎಲ್ಲ ಜೋಡಿಸಿ, ಸಂಜೆಯವರೆಗೆ ನೋಡಿಕೊಂಡರಾಯಿತು ಎಂದುಕೊಂಡು ಜಲಜ ಶಿರೂರಿಗೆ ಹೋದಳು.

ಬೆಳಗಿನ ಜಾವ ಕನಸು ಬಿತ್ತು. ಅವಳು ದೋಣಿಯಲ್ಲಿ ಮಲಗಿದ್ದಳು. ದೋಣಿ ತೂಗುತ್ತಿತ್ತು, ಮೊದಲು ಎಡಬಲಕ್ಕೆ, ಆಮೇಲೆ ಸುತ್ತಲೂ ಗುಂಡಗೆ, ಆಮೇಲೆ ತಲೆಯಿಂದ ಕಾಲಿಗೆ. ನೀರಿನ ಒಳಗೆ ಬೂದು ಹಾಳೆಗಳು ಮೀನಿನ ಹಿಂಡಿನಂತೆ ತಿರುಗುತ್ತಿದ್ದವು. ತಿರುಗಿದಾಗ ಬೆಳ್ಳಗಾಗುತ್ತಿದ್ದವು, ಮತ್ತೆ ತಿರುಗಿದಾಗ ಇಲ್ಲವಾಗುತ್ತಿದ್ದವು. ಅಪ್ಪ ದೋಣಿಯ ತುದಿಯಲ್ಲಿ ನಿಂತು ಎಣಿಸುತ್ತಿದ್ದ, ಅಂಕಿ ಯಾವುದೆಂದು ಕೇಳಿಸುತ್ತಿರಲಿಲ್ಲ.

ಎಬ್ಬಿಸಿದ್ದು ಅಮ್ಮ ನಾಗು. "ಏಳ್ ಹೆಣೆ. ನಿನ್ನ್ ಮೇಷ್ಟ್ರ ಫೋನ್."

ರತೀಶ್ ಸರ್ ಅವಸರದಲ್ಲಿದ್ದರು. ಕೊಲ್ಲೂರಿನಲ್ಲಿ ಅಕ್ಷರಾಭ್ಯಾಸ ನಸುಕಿಗೇ ಮುಗಿದಿದೆ, ಪ್ರೊಫೆಸರು ನಾಳೆಯ ಬದಲು ಇವತ್ತೇ ಕುಂದಾಪುರದಿಂದ ರೈಲು ಹಿಡಿಯುತ್ತಾರಂತೆ, ಅದಕ್ಕೆ ಮುಂಚೆ ಕಾಲೇಜಿಗೆ ಬರುತ್ತಾರೆ. "ಈಗ್ಲೇ ಹೊರಡ್. ನಾನ್ ಶೀನನಿಗೆ ಹೇಳಿದ್ದೆ, ಅವ್ನ್ ಪೂಜಿ ಮುಗ್ಸಿ ಬೆಂಚ್ ಜೋಡ್ಸಿ ಇಡ್ತಾ."

ಬಸ್ಸು ಹಬ್ಬದ ಜನರಿಂದ ತುಂಬಿತ್ತು. ಬೈಂದೂರು ದಾಟಿದ ಮೇಲೆ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬಿಸಿಲು ಹೊಳೆಯ ಮೇಲಿಂದ ಬರುತ್ತಿತ್ತು, ನೀರೆಲ್ಲ ಬೆಳ್ಳಿ ಹೊಡೆದಂತೆ ಉರಿಯುತ್ತಿತ್ತು. ಜಲಜ ಚೀಲದಿಂದ ಪೋಲರೈಸರಿನ ಒಂದು ಚೂರು ತೆಗೆದು ಕಣ್ಣಿಗೆ ಹಿಡಿದಳು. ನೀರಿನಿಂದ ಸಿಡಿದ ಬೆಳಕು ಹೆಚ್ಚಾಗಿ ಎಡಬಲ ತೂಗುವಂಥದ್ದು. ಚೂರನ್ನು ನೆಟ್ಟಗೆ ತಿರುಗಿಸಿದಾಗ ಬೆಂಕಿ ಆರಿತು. ಹೊಳೆಯ ಹಸಿರು ಮೈ ಕಾಣಿಸಿತು, ದಡದ ಹತ್ತಿರ ತಳದ ಮರಳು ಕಾಣಿಸಿತು, ಮರಳಿನ ಮೇಲೆ ಒಂದು ದೋಣಿಯ ನೆರಳು ಕಾಣಿಸಿತು. ಚೂರನ್ನು ಅಡ್ಡ ಮಾಡಿದಾಗ ಮತ್ತೆ ಬೆಂಕಿ. ನೆಟ್ಟಗೆ, ತಳ. ಅಡ್ಡ, ಬೆಂಕಿ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತಾನೂ ಕೇಳಿ ಹಿಡಿದು ನೋಡಿ, "ಅಬ್ಬಾ ದೇವ್ರೇ," ಎಂದಳು. ಜಲಜಳಿಗೆ ಎದೆಯಲ್ಲಿ ಗಾಳಿ ತುಂಬಿದಂತಾಯಿತು. ಪರೀಕ್ಷೆಗೆ ಹೋಗುತ್ತಿದ್ದೇನೆ ಎನ್ನುವುದು ಕುಂದಾಪುರ ಬರುವವರೆಗೂ ಅವಳ ಮನಸ್ಸಿನಲ್ಲಿ ಇರಲಿಲ್ಲ.

ಪ್ರಯೋಗಾಲಯದಲ್ಲಿ ಊದುಬತ್ತಿಯ ವಾಸನೆ ಇನ್ನೂ ಇತ್ತು. ಭೋಜರಾಜರು ಆಗಲೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಸಣ್ಣ ದನಿ. ಬೆಂಚು ಜೋಡಿಸಿತ್ತು. ಶೀನ ಎಲ್ಲವನ್ನೂ ಅದರದರ ಜಾಗದಲ್ಲೇ ಇಟ್ಟಿದ್ದ. ಬೊಟ್ಟು ಇಟ್ಟ ಮುಖಗಳೆಲ್ಲ ಬಾಗಿಲ ಕಡೆಗೆ ಬರುವಂತೆ ಇಟ್ಟಿದ್ದ, ಬಂದವರಿಗೆ ಚಂದ ಕಾಣಲಿ ಎಂದು.

"ಹ್ಯಾಂಗೆ?" ಎಂದು ಅವನು ಜಲಜಳನ್ನು ಕೇಳಿದ.

"ಲಾಯ್ಕ್ ಆಯ್ತ್ ಶೀನಣ್ಣ," ಎಂದಳು ಅವಳು. ಅಭ್ರಕದ ಗೆರೆ ಓರೆಯಾಗಿಯೇ ಇತ್ತು. ಬಳೆಯ ಹಲ್ಲು ಸೀಳಿನಲ್ಲಿಯೇ ಇತ್ತು.

"ಬನ್ನಿ ಅಮ್ಮಾ," ಎಂದರು ಭೋಜರಾಜರು. "ಅಭ್ರಕ ನೀವೇ ಸೀಳಿದ್ದಂತೆ. ಒಳ್ಳೇದು. ನಾನೂ ಸೀಳಿದ್ದೆ, ನಿಮ್ಮ ಮೇಷ್ಟ್ರು ಹುಟ್ಟೋ ಮುಂಚೆ. ಈಗ ಬೋರ್ಡಿನ ಮೇಲೆ ಬರೀರಿ. ಏನು ಕಾಣುತ್ತೆ ಅಂತ ಮೊದಲು ಹೇಳಿ. ಲೇಸರ್ ಆಮೇಲೆ."

ಜಲಜ ಬರೆದಳು. ಬಲತುದಿಯಲ್ಲಿ ಬೆಳಕು, ಮೇಲೆ ಒಂದು, ಕೆಳಗೆ ಸೊನ್ನೆ. ಅದರ ಎಡಕ್ಕೆ ಹಿತ್ತಾಳೆಯ ಪ್ಲೇಟು, ಮೇಲಿನ ಸಾಲು ಒಂದು, ಐ, ಕೆಳಗಿನ ಸಾಲು ಐ, ಒಂದು, ಎಲ್ಲಕ್ಕೂ ಎರಡರ ವರ್ಗಮೂಲದ ಭಾಗಾಕಾರ. ಐ ಅಂದರೆ ಕಾಲು ಅಲೆಯ ತಡೆಗೆ ಇಟ್ಟ ಅಕ್ಷರ. ಅದರ ಎಡಕ್ಕೆ ಅಭ್ರಕ, ಅದೇ ಚೌಕ. ಎಲ್ಲಕ್ಕಿಂತ ಎಡಕ್ಕೆ ಕೊನೆಯ ಪೋಲರೈಸರ್. ಬಲದಿಂದ ಗುಣಿಸುತ್ತ ಬಂದಳು. ಮೊದಲ ಪ್ಲೇಟು ದಾಟಿದ ಮೇಲೆ ಒಂದು, ಐ. ಗುಂಡಗೆ ಸುತ್ತುವ ಬೆಳಕು. ಎರಡನೆಯದರಲ್ಲಿ ಮೇಲಿನ ಅಂಕಿ ಒಂದು ಕೂಡಿಸು ಐ ವರ್ಗ, ಐ ವರ್ಗವೆಂದರೆ ಮೈನಸ್ ಒಂದು, ಒಟ್ಟು ಸೊನ್ನೆ. ಕೆಳಗೆ ಮಾತ್ರ ಉಳಿಯಿತು. ಕೊನೆಯ ಪೋಲರೈಸರ್ ಕೆಳಗಿನದನ್ನು ನುಂಗುತ್ತದೆ.

"ಕತ್ತಲೆ ಸರ್," ಎಂದಳು.

"ಪೂರ್ತಿ?"

"ಅಭ್ರಕ ಒಂಚೂರು ಹೆಚ್ಚುಕಮ್ಮಿ ಇರಬಹುದು. ಸ್ವಲ್ಪ ಸೋರಬಹುದು. ಹೆಚ್ಚು ಕಡಿಮೆ ಕತ್ತಲೆಯೇ."

ಭೋಜರಾಜರು ತಲೆಯಾಡಿಸಿದರು. ರತೀಶ್ ಸರ್ ಕಿಟಕಿ ಮುಚ್ಚಿದರು. ಶೀನ ಸ್ವಿಚ್ಚು ಹಾಕಿದ.

ಬೆಂಚಿನ ಕೊನೆಯಲ್ಲಿ ನಿಲ್ಲಿಸಿದ್ದ ಬಿಳಿ ಹಲಗೆಯ ಮೇಲೆ ಕೆಂಪು ಬೊಟ್ಟು ಬಂತು. ಸೋರಿದ್ದಲ್ಲ. ಕಣ್ಣು ಕುಕ್ಕುವಷ್ಟು, ತುಂಬಿದ, ಅಂಚಿನಲ್ಲಿ ಕಾಳುಕಾಳಾಗಿ ಮಿನುಗುವ ಕೆಂಪು.

 ಜಲಜ ಆ ಬೊಟ್ಟನ್ನೇ ನೋಡುತ್ತ ನಿಂತಳು. ಅದು ಅಲ್ಲಿತ್ತು. ಕತ್ತಲೆ ಎಂದದ್ದು ಸುಣ್ಣದ ಕಡ್ಡಿಯ ಗೀಚು, ಬೊಟ್ಟು ಬೆಳಕು. ಬಸ್ಸಿನಲ್ಲಿ ಹೊಳೆ ಉರಿದಂತೆ ಅದು ಉರಿಯುತ್ತಿತ್ತು, ಅದರ ಎದುರು ಅವಳಿಗೆ ಏನೂ ಹೇಳಬೇಕೆನಿಸಲಿಲ್ಲ. ತೂಕಡಿಕೆಯಂಥ ಒಂದು ಸಮಾಧಾನ ಮೈಗೆ ಹತ್ತಿತು.

"ಈಗ?" ಎಂದರು ಭೋಜರಾಜರು.

ರತೀಶ್ ಸರ್ ತಡೆಯಲಾಗದೆ ಪಿಸುಗುಟ್ಟಿದರು. "ಸೈನ್ ಕಾಣ್ ಹೆಣೆ, ಪ್ಲಸ್ ಮೈನಸ್."

ಜಲಜ ಡಸ್ಟರ್ ತೆಗೆದುಕೊಂಡಳು. ಅಭ್ರಕದ ಚೌಕದಲ್ಲಿದ್ದ ಎರಡು ಐಗಳನ್ನು ಒರೆಸಿ ಎರಡೂ ಕಡೆ ಮೈನಸ್ ಐ ಬರೆದಳು. ಮತ್ತೆ ಗುಣಿಸಿದಳು. ಮೇಲಿನ ಅಂಕಿ ಒಂದು ಕಳೆ ಐ ವರ್ಗ, ಅಂದರೆ ಎರಡು, ಅರ್ಧಿಸಿದರೆ ಒಂದು. ಕೆಳಗಿನದು ಸೊನ್ನೆ. ಬಂದ ಬೆಳಕು ಬಂದ ಹಾಗೆಯೇ ಹೋಗುತ್ತದೆ. ಲೆಕ್ಕ ಬೊಟ್ಟಿಗೆ ಸರಿಯಾಗಿ ಕೂತಿತು.

"ಬೆಳಕು ಸರ್. ಪೂರ್ತಿ. ಮೊದಲು ಸೈನ್ ತಪ್ಪು ಬರೆದಿದ್ದೆ."

ಭೋಜರಾಜರು ಕಾಫಿಯ ಲೋಟ ಕೆಳಗಿಟ್ಟರು.

"ಎರಡು ಪ್ಲೇಟೂ ನಲವತ್ತೈದಕ್ಕೇ ಇವೆ ಅಂದ್ರಿ. ಒಂದಕ್ಕೆ ಐ, ಇನ್ನೊಂದಕ್ಕೆ ಮೈನಸ್ ಐ. ಯಾಕೆ?"

"ಇದು ಅಭ್ರಕ ಸರ್. ಇದರ ಬೇಗದ ದಿಕ್ಕು... ಅಡ್ಡ ಇರಬೇಕು."

"ಆ ಗೆರೆ ಎಳೆದವರು ಯಾರು?"

"ನಾನೇ."

"ಹೇಗೆ ಗೊತ್ತುಮಾಡಿದ್ರಿ?"

"ಇದೇ ಸಾಲಿನಲ್ಲಿ ಸರ್. ಹಿತ್ತಾಳೆ ಪ್ಲೇಟಿನ ಜೊತೆ. ಕತ್ತಲೆ ಬಂದ ದಿಕ್ಕಿಗೆ ಎಳೆದೆ."

"ಕತ್ತಲೆ ಬಂದಿತ್ತು."

"ಹೌದು ಸರ್."

"ಹಾಗಾದ್ರೆ ಆವತ್ತು ತಪ್ಪಿದ್ದೋ, ಇವತ್ತು ತಪ್ಪಿದ್ದೋ?" ಅವರ ದನಿಯಲ್ಲಿ ಕೊಂಕು ಇರಲಿಲ್ಲ. "ಅವಸರ ಇಲ್ಲ. ರೈಲಿಗೆ ಹೊತ್ತಿದೆ. ಯೋಚನೆ ಮಾಡಿ ಹೇಳಿ."

ಜಲಜ ಬೆಂಚಿನ ಕಡೆ ತಿರುಗಿದಳು. ಸಾಲಾಗಿ ನಿಂತ ಬಳೆಗಳು, ಒಂದೊಂದರ ಮೇಲೂ ಕುಂಕುಮ. ಎರಡು ಹೆಜ್ಜೆ ಹೋದರೆ ಕೈಗೆ ಸಿಗುತ್ತಿದ್ದವು. ತಿಂಗಳುಗಟ್ಟಲೆ ಮುಟ್ಟಿದ್ದ ಬಳೆಯನ್ನು ಅವಳು ಮುಟ್ಟಲಿಲ್ಲ. ಅವಳ ಕಣ್ಣು ಮತ್ತೆ ಹಲಗೆಯ ಮೇಲಿನ ಕೆಂಪಿಗೇ ಹೋಯಿತು.

"ಆವತ್ತು ಸರ್," ಎಂದಳು.

ರತೀಶ್ ಸರ್ ನೆಲ ನೋಡಿದರು.

ಭೋಜರಾಜರು ಎದ್ದು ಪಂಚೆ ಸರಿಮಾಡಿಕೊಂಡು ಬೆಂಚಿನ ಹತ್ತಿರ ಹೋದರು. ಲೇಸರಿನ ಹಿಂದೆ ನಿಂತು, ಬಗ್ಗಿ, ಒಂದು ಕಣ್ಣು ಮುಚ್ಚಿ ಸಾಲಿನ ಉದ್ದಕ್ಕೆ ನೋಡಿದರು. ಹಿತ್ತಾಳೆಯ ಗುರುತು ಬಲಕ್ಕೆ ವಾಲಿತ್ತು. ಅಭ್ರಕದ ಗೆರೆ ಎಡಕ್ಕೆ ವಾಲಿತ್ತು. ಪೈಪಿನ ಬಳೆಯನ್ನು ಎರಡೇ ಬೆರಳಿನಲ್ಲಿ ಎತ್ತಿ, ಕುಂಕುಮದ ಮುಖ ಹಿಂದಾಗುವಂತೆ ತಿರುಗಿಸಿ, ಹಲ್ಲನ್ನು ಸೀಳಿನಲ್ಲಿ ಕೂರಿಸಿದರು.

ಹಲಗೆಯ ಮೇಲಿನ ಬೊಟ್ಟು ಆರಿತು. ಹುಡುಕಿದರೆ ಮಾತ್ರ ಕಾಣುವಷ್ಟು ಒಂದು ನಸುಗೆಂಪು ಉಳಿಯಿತು.

"ಅಯ್ಯೋ," ಎಂದ ಶೀನ. "ಲೈಟ್ ಹೋಯ್ತಾ?"



"ಮೊದಲು ಬರೆದದ್ದು ಸರಿಯಿತ್ತು," ಎಂದರು ಭೋಜರಾಜರು. "ಗೆರೆಯೂ ಸರಿಯಿತ್ತು. ಅಭ್ರಕ ಬಹಳ ಚೆನ್ನಾಗಿದೆ ಅಮ್ಮಾ, ನಾನು ಇಷ್ಟು ಚೆನ್ನಾಗಿ ಸೀಳಿರಲಿಲ್ಲ. ಪ್ಲೇಟು ಹಿಂದುಮುಂದಾಗೋದು ಎಲ್ಲರಿಗೂ ಆಗುತ್ತೆ, ನನ್ನ ಲ್ಯಾಬಿನಲ್ಲಿ ದಿನಾ ಆಗುತ್ತೆ." ಅವರು ಬೋರ್ಡಿನ ಕಡೆ ತಿರುಗಿದರು. "ಆವಾಗ ಬೆಂಚಿಗೆ ಹೋಗೋರು ಬೇಕು. ಬೋರ್ಡು ಒರೆಸೋರು ಬೇಡ."

ಅವರು ಜಲಜಳಿಗೆ ಕೊಲ್ಲೂರಿನ ಪ್ರಸಾದ ಕೊಟ್ಟರು. ರತೀಶ್ ಸರ್ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದರು. ಶೀನ ಬೆಂಚಿನ ಹತ್ತಿರ ನಿಂತು, ತಾನು ಇಟ್ಟದ್ದರಲ್ಲಿ ಒಂದೇ ಒಂದು ಬಳೆ ಬೆನ್ನು ಹಾಕಿ ನಿಂತಿದ್ದನ್ನು ನೋಡಿದ.

"ಅವ್ರ್ ಎಂತಕ್ಕೆ ತಿರ್ಸಿರ್? ಬೊಟ್ಟ್ ಕಾಂತಿಲ್ಲೆ ಈಗ."

"ಅದ್ ಹಾಂಗೇ ಇಪ್ಪುದ್ ಶೀನಣ್ಣ."

"ನಾನ್ ತಪ್ಪ್ ಇಟ್ಟಿದ್ನಾ?"

ಜಲಜ ಇಲ್ಲ ಎಂದಳು. ಅವನಿಗೆ ಗೊತ್ತಿರಬೇಕಾದ ವಿಷಯ ಅದಾಗಿರಲಿಲ್ಲ, ಅವಳಿಗೆ ಗೊತ್ತಿರಬೇಕಾಗಿತ್ತು.

ಸೌಮ್ಯಶ್ರೀ ಮಧ್ಯಾಹ್ನ ಫೋನು ಮಾಡಿದಳು. "ಎಂತ ಆಯ್ತ್? ಪಾರ್ಟಿ ಯಾವಾಗ?"

"ಇಲ್ಲೆ."

"ಎಂತ ಇಲ್ಲೆ? ಪ್ಲೇಟ್ ಕೈ ಕೊಟ್ಟಿತಾ?"

"ಪ್ಲೇಟ್ ಸಮಾ ಇತ್ತ್. ನಾನ್ ಲೆಕ್ಕ ಒರ್ಸಿದೆ."

"ಎಂತಕ್ಕೆ ಒರ್ಸಿದ್ದ್ ಮಾರಾಯ್ತಿ?"

 ಬೊಟ್ಟು ಅಷ್ಟು ಚಂದ ಇತ್ತು ಎಂದರೆ ಸೌಮ್ಯಶ್ರೀ ನಗುತ್ತಿದ್ದಳು. ನಿಜವಾಗಿ ಅಷ್ಟೇ ಆಗಿತ್ತು.

ದೀಪಾವಳಿಗೆ ಮುಂಚೆ ಜಾಗ ಬೇರೆ ಊರಿನ ಒಬ್ಬ ಹುಡುಗನಿಗೆ ಹೋಯಿತು. ಜಲಜಳ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂತು. ಪರೀಕ್ಷೆ ಮುಗಿದ ಮೇಲೆ ಅವಳು ಬೈಂದೂರಿನ ಟ್ಯುಟೋರಿಯಲ್ಲಿಗೆ ಸೇರಿದಳು. ಧ್ರುವೀಕರಣದ, ಅಂದರೆ ಬೆಳಕಿನ ತೂಗಿನ, ಪಾಠ ಬಂದಾಗ ಪಿಯುಸಿಗೆ ವೆಕ್ಟರೂ ಇಲ್ಲ, ಚೌಕವೂ ಇಲ್ಲ. ಒಂದು ಸೂತ್ರ ಇದೆ, ಅದನ್ನು ಬಾಯಿಪಾಠ ಮಾಡಿಸಿದಳು.

ಹೋದದ್ದು ಒಂದು ಜಾಗ, ಅವಳೇ ಒರೆಸಿದ, ಸರಿಯಾಗಿದ್ದ ಎರಡು ಅಕ್ಷರ.